ಹನ್ನೆರಡು ದಿನಗಳ ಗಡುವು ಮತ್ತು ಎರಡು ಪತ್ರಗಳು: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದ ಯುವತಿಯನ್ನು ಮೇಘನಾ ಎಂದು ಕರೆಯುತ್ತೇನೆ. ಅದು ಅವಳ ಹೆಸರಲ್ಲ. ಊರು, ಇಲಾಖೆ, ಕಂಪನಿ ಇವುಗಳನ್ನು ಹೇಳುವುದಿಲ್ಲ, ಗುರುತು ಹಿಡಿಯಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆದದ್ದನ್ನು ಅವಳು ಓದಿ, ಎರಡು ಕಡೆ ತಿದ್ದಿ, ಒಪ್ಪಿದ ಮೇಲೆಯೇ ಇದನ್ನು ಹಂಚಿಕೊಳ್ಳುತ್ತಿದ್ದೇನೆ. ಕಿರಿಯರಿಗೆ ಸಲಹೆ ಕೊಡುವ ಸ್ಥಾನದಲ್ಲಿರುವವರು ಇದನ್ನು ಓದಬೇಕೆಂಬುದು ನನ್ನ ಆಸೆ. ಇಲ್ಲಿ ಮೊದಲು ಎಡವಿದ್ದು ಅವಳಲ್ಲ, ನಾನು.

ಹಿನ್ನೆಲೆ

ನಾನು 26 ವರ್ಷ ಸರ್ಕಾರಿ ಎಂಜಿನಿಯರ್ ಆಗಿದ್ದು ಸ್ವಯಂ ನಿವೃತ್ತಿ ಪಡೆದವನು. ಆಮೇಲೆ ಎರಡು ಸಣ್ಣ ಕಂಪನಿಗಳಿಗೆ ಸಲಹೆಗಾರನಾಗಿ ಕೆಲಸ ಮಾಡಿದೆ. ನಾನು ಓದಿದ ಎಂಜಿನಿಯರಿಂಗ್ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಂಘ ಕಿರಿಯರನ್ನು ಹಿರಿಯರೊಂದಿಗೆ ಜೋಡಿಸುತ್ತದೆ. ಹಾಗೆ ಮೂರು ವರ್ಷಗಳ ಹಿಂದೆ ಮೇಘನಾ ನನಗೆ ಪರಿಚಯವಾದಳು. ಸಿವಿಲ್ ಪದವೀಧರೆ, ಆಗ ಕುಡಿಯುವ ನೀರಿನ ಯೋಜನೆಗಳಿಗೆ ವಿಸ್ತೃತ ಯೋಜನಾ ವರದಿ ಬರೆಯುವ ಸಲಹಾ ಸಂಸ್ಥೆಯೊಂದರಲ್ಲಿದ್ದಳು. ಕೆಲಸ ಮಾಡುತ್ತಲೇ ಕೆಪಿಎಸ್‌ಸಿ ಪರೀಕ್ಷೆಯನ್ನೂ ಬರೆದಳು, ಸಹಾಯಕ ಎಂಜಿನಿಯರ್ ಹುದ್ದೆಗೆ.

ಅಧಿಸೂಚನೆ ಹೊರಟ ದಿನದಿಂದ ನೇಮಕಾತಿ ಆದೇಶ ಕೈಗೆ ಬರುವವರೆಗೆ ಅವಳ ವಿಷಯದಲ್ಲಿ ಎರಡು ವರ್ಷ ನಾಲ್ಕು ತಿಂಗಳು ಹಿಡಿಯಿತು. ಪರೀಕ್ಷೆ, ಆಯ್ಕೆ ಪಟ್ಟಿ, ಆಕ್ಷೇಪಣೆ, ದಾಖಲೆ ಪರಿಶೀಲನೆ, ಜಾತಿ ಸಿಂಧುತ್ವ ಪ್ರಮಾಣಪತ್ರ, ಪೊಲೀಸ್ ಪರಿಶೀಲನೆ ಎಂದು ಒಂದೊಂದೇ ಮೆಟ್ಟಿಲು. ಕಾಯುವವರ ಬದುಕು ಅಷ್ಟು ದಿನ ನಿಂತಿರುವುದಿಲ್ಲ. ಆ ನಡುವೆ ಅವಳು ಬೆಂಗಳೂರಿನ ಒಂದು ಪುಟ್ಟ ಕಂಪನಿ ಸೇರಿದ್ದಳು. ನಗರಗಳ ನೀರಿನ ಕೊಳವೆಗಳಿಗೆ ಸಂವೇದಕಗಳನ್ನು ಜೋಡಿಸಿ ಎಲ್ಲಿ ಸೋರುತ್ತಿದೆ ಎಂದು ಪತ್ತೆ ಹಚ್ಚುವ ಕಂಪನಿ ಅದು, ಇದ್ದದ್ದು ಹದಿನಾಲ್ಕು ಜನ. ಅವಳಿಗೆ ಆ ಕೆಲಸ ಹಿಡಿಸಿತ್ತು. ಭೂಮಿಯೊಳಗೆ ಮೂರಡಿ ಆಳದಲ್ಲಿ ಕಣ್ಣಿಗೆ ಕಾಣದೆ ಹರಿದುಹೋಗುವ ನೀರಿನ ಜಾಗವನ್ನು ಮೇಲಿನಿಂದಲೇ ಗುರುತಿಸಿ, ಅಗೆಸಿ, ಅದು ಸಿಕ್ಕಾಗ ಆಗುವ ಸಂತೋಷವನ್ನು ಅವಳು ಫೋನಿನಲ್ಲಿ ವರ್ಣಿಸುತ್ತಿದ್ದ ರೀತಿ ನನಗೆ ಇನ್ನೂ ನೆನಪಿದೆ.

ಮನೆಯ ಸ್ಥಿತಿ ಹೀಗಿತ್ತು. ತಂದೆ ಸಾರಿಗೆ ನಿಗಮದ ನಿವೃತ್ತ ಚಾಲಕರು. ನಿಗಮದ ನೌಕರರಿಗೆ ಸರ್ಕಾರಿ ನೌಕರರಂತೆ ಪಿಂಚಣಿ ಇಲ್ಲ, 1995ರ ನೌಕರರ ಪಿಂಚಣಿ ಯೋಜನೆಯಡಿ ಬರುವುದಷ್ಟೇ. ಅವರಿಗೆ ತಿಂಗಳಿಗೆ 3,400 ರೂಪಾಯಿ ಬರುತ್ತಿತ್ತು. ಮನೆ ಸಾಲದ ಕಂತು 14,500. ತಮ್ಮ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದ. ತಾಯಿಗೆ ನಿತ್ಯದ ಔಷಧಿ.

ಎದುರಾದ ಸಮಸ್ಯೆ

ಒಂದೇ ವಾರದಲ್ಲಿ ಎರಡು ಕಾಗದಗಳು ಬಂದವು. ಮೊದಲನೆಯದು ಕಂಪನಿಯ ಸ್ಥಾಪಕರ ಪತ್ರ: ಕ್ಷೇತ್ರ ಕಾರ್ಯಾಚರಣೆಯ ಮುಖ್ಯಸ್ಥೆಯ ಸ್ಥಾನ, ವರ್ಷಕ್ಕೆ 12 ಲಕ್ಷ, ಜೊತೆಗೆ ಕಂಪನಿಯ ಶೇ 0.5ರಷ್ಟು ಷೇರುಗಳನ್ನು ಮುಂದೆ ಕೊಳ್ಳುವ ಹಕ್ಕು, ಅಂದರೆ ಇಸಾಪ್. ಎರಡನೆಯದು ನೇಮಕಾತಿ ಆದೇಶ. ಆದೇಶದ ದಿನಾಂಕದಿಂದ 15 ದಿನಗಳೊಳಗೆ ವರದಿ ಮಾಡಿಕೊಳ್ಳಬೇಕು, ತಪ್ಪಿದರೆ ಆಯ್ಕೆ ಪಟ್ಟಿಯಿಂದ ಹೆಸರು ತೆಗೆಯಲಾಗುವುದು ಎಂದಿತ್ತು. ಅದು ಅವಳ ಕೈ ಸೇರುವಷ್ಟರಲ್ಲಿ ಮೂರು ದಿನ ಕಳೆದಿದ್ದವು.

ಆ ರಾತ್ರಿಯೇ ಫೋನ್ ಮಾಡಿದಳು. "ಸರ್, ಎಲ್ಲರೂ ಒಂದೊಂದು ಹೇಳುತ್ತಿದ್ದಾರೆ. ನೀವು ಎರಡೂ ಕಡೆ ಕೆಲಸ ಮಾಡಿದವರು. ನಿಮಗೆ ಏನನ್ನಿಸುತ್ತದೆಯೋ ಅದನ್ನು ಬರೆದು ಕಳುಹಿಸಿ. ಮಾತಿನಲ್ಲಿ ಕೇಳಿದರೆ ನನಗೆ ನಿಮ್ಮ ದನಿ ಮಾತ್ರ ನೆನಪಿರುತ್ತದೆ, ಕಾಗದವಾದರೆ ಮತ್ತೆ ಮತ್ತೆ ಓದಬಹುದು."

ಮೊದಲ ಪತ್ರ ಮತ್ತು ಅದರಲ್ಲಿದ್ದ ತಪ್ಪು

ಕೆಲವು ದಿನ ಯೋಚಿಸಿ ಬರೆದೆ. ನಾಲ್ಕು ಪುಟ. ಅದರಲ್ಲಿ ಮೂರು ಪುಟ ನನ್ನದೇ ಕಥೆ: ಇಲಾಖೆಯ ಕೊನೆಯ ಹತ್ತು ವರ್ಷ ಹೇಗೆ ಬೇಸರವಾಯಿತು, ಹೊರಗೆ ಬಂದ ಮೇಲೆ ಹೇಗೆ ಉಸಿರಾಡಿದೆ ಎಂಬುದು. ಕೊನೆಯ ಪುಟದಲ್ಲಿ ಬಹಳ ಜಾಣತನದ್ದೆಂದು ನಾನು ಭಾವಿಸಿದ್ದ ಒಂದು ಉಪಾಯ ಕೊಟ್ಟಿದ್ದೆ: ಮೊದಲು ಹುದ್ದೆಗೆ ಸೇರು, ಕೆಲವು ತಿಂಗಳಾದ ಮೇಲೆ ವೇತನರಹಿತ ಅಸಾಧಾರಣ ರಜೆ ಹಾಕು, ಆ ಅವಧಿಯಲ್ಲಿ ಕಂಪನಿಯಲ್ಲಿ ದುಡಿದು ನೋಡು, ಸರಿಹೋಗದಿದ್ದರೆ ಹಿಂತಿರುಗು. ಎರಡೂ ಕೈಯಲ್ಲಿರುತ್ತವೆ.

ಮರುದಿನ ಅವಳಿಂದ ಒಂದೇ ಸಾಲಿನ ಉತ್ತರ ಬಂತು. "ಸರ್, ರಜೆಯಲ್ಲಿದ್ದಾಗ ಕಂಪನಿಯಿಂದ ಸಂಬಳ ತೆಗೆದುಕೊಳ್ಳಬಹುದೇ?"

ಆ ಪ್ರಶ್ನೆ ಓದಿದಾಗ ನನಗೆ ತಟ್ಟನೆ ಹೊಳೆಯಿತು, ನಾನು ನಿಯಮವನ್ನು ನೋಡಿಯೇ ಇರಲಿಲ್ಲ. ಯಾರೋ ಹೀಗೆ ಮಾಡಿದ್ದರು ಎಂದು ಯಾವಾಗಲೋ ಕೇಳಿದ್ದನ್ನು ಸಲಹೆಯಾಗಿ ಬರೆದಿದ್ದೆ. ಸಿಬ್ಬಂದಿ ಶಾಖೆಯಲ್ಲಿ ಮೂವತ್ತು ವರ್ಷ ಕಳೆದ ಹಳೆಯ ಸಹೋದ್ಯೋಗಿಯೊಬ್ಬರಿಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು ನಿಧಾನವಾಗಿ ಬಿಡಿಸಿ ಹೇಳಿದರು. ರಜೆಯಲ್ಲಿದ್ದರೂ ನೌಕರ ನೌಕರನೇ, 2021ರ ನಡತೆ ನಿಯಮಗಳು ಅವನಿಗೆ ಅನ್ವಯಿಸುತ್ತವೆ, ಪೂರ್ವಾನುಮತಿ ಇಲ್ಲದೆ ಖಾಸಗಿ ಉದ್ಯೋಗ ಮಾಡುವಂತಿಲ್ಲ. ಹೊಸದಾಗಿ ಸೇರಿದವರು ಎರಡು ವರ್ಷ ಪ್ರೊಬೇಷನ್‌ನಲ್ಲಿರುತ್ತಾರೆ, ದೀರ್ಘ ರಜೆ ಹಾಕಿದರೆ ಆ ಅವಧಿ ಮುಂದಕ್ಕೆ ಹೋಗುತ್ತದೆ. ಲೀನ್, ಅಂದರೆ ಹಳೆಯ ಹುದ್ದೆಗೆ ಮರಳುವ ಹಕ್ಕು, ಕಾಯಂ ಆದವರ ಮಾತು. ಅದನ್ನು ಇಟ್ಟುಕೊಂಡು ಖಾಸಗಿ ಕಂಪನಿಗೆ ಹೋಗಿಬರುವುದು ಆಗದ ಮಾತು. "ಆ ಹುಡುಗಿ ನೀವು ಹೇಳಿದಂತೆ ಮಾಡಿದ್ದರೆ ಶಿಸ್ತುಕ್ರಮಕ್ಕೆ ಕುತ್ತಿಗೆ ಕೊಟ್ಟಂತಾಗುತ್ತಿತ್ತು" ಎಂದರು.

ಈ ಪ್ರಕರಣದಲ್ಲಿ ಮೊದಲ ತಿರುವು ಇದು. ಎರಡೂ ಇರಲಿ ಎಂಬ ಆಸೆ ಸಲಹೆ ಕೇಳುವವರಲ್ಲಿ ಇರುವುದು ಸಹಜ. ಸಲಹೆ ಕೊಡುವವರೂ ಅದೇ ಆಸೆಗೆ ಬಿದ್ದರೆ ಕಠಿಣ ಆಯ್ಕೆಯನ್ನು ಎದುರಿಸುವ ಬದಲು ಅದನ್ನು ಇಲ್ಲವಾಗಿಸುವ ಯುಕ್ತಿ ಹುಡುಕುತ್ತಾರೆ. ನಾನು ಮಾಡಿದ್ದು ಅದನ್ನೇ.

ಎರಡನೆಯ ಪತ್ರ

ಆ ಸಂಜೆಯೇ ಮತ್ತೆ ಬರೆದೆ. ಗಡುವಿಗೆ ಏಳು ದಿನ ಉಳಿದಿದ್ದವು. ಈ ಪತ್ರವನ್ನು ಗುರುತಿನ ವಿವರ ತೆಗೆದು ಹೆಚ್ಚುಕಡಿಮೆ ಪೂರ್ತಿಯಾಗಿ ಕೊಡುತ್ತೇನೆ.

"ಮೇಘನಾಳಿಗೆ ಆಶೀರ್ವಾದಗಳು.

ಹಿಂದಿನ ಪತ್ರದ ಕೊನೆಯ ಪುಟವನ್ನು ಹರಿದು ಹಾಕು. ಅದರಲ್ಲಿ ಬರೆದ ರಜೆಯ ಉಪಾಯ ನಿಯಮಕ್ಕೆ ವಿರುದ್ಧ. ವಿಚಾರಿಸದೆ ಬರೆದದ್ದು ನನ್ನ ತಪ್ಪು. ನಿನ್ನ ಒಂದು ಪ್ರಶ್ನೆಯಿಂದ ಅದು ನನಗೆ ತಿಳಿಯಿತು.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ನನ್ನ ಮನಸ್ಸು ಕಂಪನಿಯ ಕಡೆ ವಾಲುತ್ತದೆ. ನಾನು ಮೂವತ್ತರಲ್ಲಿ ಮಾಡದೆ ಉಳಿದದ್ದನ್ನು ನೀನು ಮಾಡಲಿ ಎಂಬ ಆಸೆ ನನ್ನೊಳಗಿದೆ. ಅದು ನನ್ನ ಆಸೆ, ನಿನ್ನ ಪರಿಸ್ಥಿತಿಯಲ್ಲ. ಮುಂದಿನದನ್ನು ಓದುವಾಗ ಈ ವಾಲಿಕೆಯನ್ನು ಕಳೆದು ಓದು.

ಯಾವುದು ಒಳ್ಳೆಯದು ಎಂದು ನೀನು ಕೇಳಿದ್ದೀಯೆ. ಅದಕ್ಕೆ ಉತ್ತರ ನನ್ನಲ್ಲಿಲ್ಲ. ಯಾವ ಬಾಗಿಲು ಮುಚ್ಚಿದರೆ ಮತ್ತೆ ತೆರೆಯುತ್ತದೆ, ಅದರ ಕೀಲಿ ಯಾರ ಕೈಯಲ್ಲಿರುತ್ತದೆ ಎಂದು ಕೇಳಿಕೊಂಡರೆ ಸ್ವಲ್ಪ ಬೆಳಕು ಸಿಗುತ್ತದೆ. ಇವತ್ತು ಹುದ್ದೆ ಬಿಟ್ಟರೆ ಸರ್ಕಾರದ ಬಾಗಿಲು ಶಾಶ್ವತವಾಗಿ ಮುಚ್ಚುವುದಿಲ್ಲ. ನಿನ್ನ ಪ್ರವರ್ಗಕ್ಕೆ ವಯೋಮಿತಿ 38, ನಿನಗೆ ಈಗ 29. ಆದರೆ ಅಧಿಸೂಚನೆ ಪ್ರತಿವರ್ಷ ಬರುವುದಿಲ್ಲ. ಬಂದರೂ ಮತ್ತೆ ಓದಬೇಕು, ಮತ್ತೆ ಎರಡು ಮೂರು ವರ್ಷ ಕಾಯಬೇಕು. ಬಾಗಿಲಿದೆ, ಕೀಲಿ ನಿನ್ನ ಕೈಯಲ್ಲಿಲ್ಲ. ಹುದ್ದೆಗೆ ಸೇರಿದ ಮೇಲೆ ರಾಜೀನಾಮೆ ಕೊಟ್ಟು ಹೊರಬರುವ ಕೀಲಿ ನಿನ್ನ ಹತ್ತಿರವೇ ಇರುತ್ತದೆ. ಆದರೆ ಅಷ್ಟರಲ್ಲಿ ಈ ಕಂಪನಿಯ ಈ ಕುರ್ಚಿಯಲ್ಲಿ ಬೇರೆಯವರು ಕುಳಿತಿರುತ್ತಾರೆ. ಐದು ವರ್ಷ ಸಂವೇದಕ ಮುಟ್ಟದಿದ್ದರೆ ನಿನ್ನ ಕೈಯ ಚುರುಕೂ ಕುಂದುತ್ತದೆ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ 'ಯಾವಾಗ ಬೇಕಾದರೂ ಬಿಟ್ಟುಬರಬಹುದು' ಎನ್ನುವವರ ಮಾತು ಅರ್ಧ ನಿಜ.

ಈಗ ಸಂಬಳದ ಮಾತು. ಸ್ಟಾರ್ಟ್‌ಅಪ್‌ನಲ್ಲಿ ಹಣ ಹೆಚ್ಚು, ಸರ್ಕಾರದಲ್ಲಿ ಭದ್ರತೆ ಹೆಚ್ಚು ಎಂದು ಎಲ್ಲರೂ ಹೇಳುತ್ತಿದ್ದಾರೆ. ನಿನ್ನ ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟರೆ ಹಾಗೆ ಕಾಣುವುದಿಲ್ಲ. ಕಂಪನಿಯ 12 ಲಕ್ಷದಲ್ಲಿ 3 ಲಕ್ಷ ಗುರಿ ಮುಟ್ಟಿದರೆ ಮಾತ್ರ. ಖಚಿತವಾಗಿ ಬರುವುದು ತಿಂಗಳಿಗೆ 75,000, ಅದರಲ್ಲೂ ಕಡಿತ ಇದೆ. 2024ರ ಆಗಸ್ಟ್‌ನಿಂದ ಜಾರಿಯಾದ ಏಳನೇ ವೇತನ ಆಯೋಗದ ಶ್ರೇಣಿಯಲ್ಲಿ ಸಹಾಯಕ ಎಂಜಿನಿಯರ್ ಮೂಲ ವೇತನವೇ 69,250 ರೂಪಾಯಿ. ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಅದರ ಮೇಲೆ. ಎನ್‌ಪಿಎಸ್‌ಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 10 ಕಡಿತವಾಗುತ್ತದೆ. ನಿನ್ನ ಅಪ್ಪ ಅಂದುಕೊಂಡಿರುವ ಹಳೆಯ ಪಿಂಚಣಿ 2006ರ ಏಪ್ರಿಲ್ ನಂತರ ಸೇರಿದವರಿಗೆ ಇಲ್ಲ ಎಂಬುದನ್ನು ಅವರಿಗೆ ತಿಳಿಸು. ಒಟ್ಟಿನಲ್ಲಿ ಮೊದಲ ಕೆಲವು ವರ್ಷ ಕಂಪನಿಯೇ ನಿನಗೆ ಕಡಿಮೆ ನಗದು ಕೊಡುತ್ತದೆ. ಅಲ್ಲಿಗೆ ಹೋಗುವುದಾದರೆ ಹಣಕ್ಕಾಗಿ ಹೋಗುತ್ತಿದ್ದೇನೆ ಎಂದುಕೊಳ್ಳಬೇಡ, ಕೆಲಸಕ್ಕಾಗಿ ಹೋಗುತ್ತಿದ್ದೇನೆ ಎಂದು ತಿಳಿದು ಹೋಗು.

ಇಸಾಪ್ ಬಗ್ಗೆ. ಶೇ 0.5 ಎಂದರೆ ಈಗಿನ 30 ಕೋಟಿ ಮೌಲ್ಯದಲ್ಲಿ 15 ಲಕ್ಷ ಎಂದು ಸ್ಥಾಪಕರು ಹೇಳಿದ್ದಾರೆ. ಆ ಹಕ್ಕು ನಾಲ್ಕು ವರ್ಷಗಳಲ್ಲಿ ಕಂತು ಕಂತಾಗಿ ನಿನ್ನದಾಗುತ್ತದೆ. ಮೊದಲ ವರ್ಷ ತುಂಬುವ ಮುನ್ನ ಬಿಟ್ಟರೆ ಏನೂ ಇಲ್ಲ. ಹೊಸ ಹೂಡಿಕೆ ಬಂದಾಗಲೆಲ್ಲ ನಿನ್ನ ಪಾಲು ತೆಳುವಾಗುತ್ತದೆ. ಕಂಪನಿ ಮಾರಾಟವಾದರೆ ಸಾಮಾನ್ಯವಾಗಿ ಹೂಡಿಕೆದಾರರು ತಾವು ಹಾಕಿದ ಹಣವನ್ನು ಮೊದಲು ತೆಗೆದುಕೊಳ್ಳುವ ಷರತ್ತು ಇರುತ್ತದೆ. ಇಲ್ಲಿ ಅವರು ಹಾಕಿದ್ದು 6 ಕೋಟಿ. 6 ಕೋಟಿಗೆ ಮಾರಿದರೆ ನಿನ್ನ ಶೇ 0.5ಕ್ಕೆ ಉಳಿಯುವುದು ಸೊನ್ನೆ. ಈ ಷರತ್ತು ಇದೆಯೇ, ಕೆಲಸ ಬಿಟ್ಟ ಮೇಲೆ ಷೇರು ಕೊಳ್ಳಲು ಎಷ್ಟು ದಿನ ಅವಕಾಶ, ಯಾವ ಬೆಲೆಗೆ, ಇವನ್ನು ಕೇಳು. ಉತ್ತರ ಬರುವವರೆಗೆ ಆ 15 ಲಕ್ಷವನ್ನು ಲೆಕ್ಕದಲ್ಲಿ ಸೇರಿಸಬೇಡ.

ಇನ್ನು ನೀನು ಮಾಡಬೇಕಾದದ್ದು. ನಾಳೆಯೇ ನೇಮಕಾತಿ ಪ್ರಾಧಿಕಾರಕ್ಕೆ ಕಾಲಾವಕಾಶ ಕೋರಿ ಮನವಿ ಕೊಟ್ಟು ಸ್ವೀಕೃತಿ ಪಡೆ. ಆದರೆ ಮನವಿ ಕೊಟ್ಟದ್ದೇ ಕಾಲಾವಕಾಶ ಸಿಕ್ಕಂತೆ ಅಲ್ಲ. ಆದೇಶ ಕೈಗೆ ಬರುವವರೆಗೆ ಮೊದಲಿನ ಗಡುವೇ ಗಡುವು. ಸ್ಥಾಪಕರನ್ನು ಮೂರು ಸಂಖ್ಯೆ ಕೇಳು: ಬ್ಯಾಂಕಿನಲ್ಲಿರುವ ಹಣ, ತಿಂಗಳ ಒಟ್ಟು ಖರ್ಚು, ಕಳೆದ ಆರು ತಿಂಗಳಲ್ಲಿ ಗ್ರಾಹಕರಿಂದ ನಿಜವಾಗಿ ಖಾತೆಗೆ ಬಂದ ಹಣ. ಬರಬೇಕಾದದ್ದು ಬೇಡ, ಬಂದದ್ದು. ಇಪಿಎಫ್‌ಒ ಜಾಲತಾಣದಲ್ಲಿ ಸಂಸ್ಥೆಯ ಹೆಸರು ಹಾಕಿ ಹುಡುಕಿದರೆ ಯಾವ ತಿಂಗಳ ಭವಿಷ್ಯನಿಧಿ ಯಾವ ದಿನ ಜಮೆಯಾಯಿತು, ಎಷ್ಟು ನೌಕರರದ್ದು ಎಂದು ಯಾರು ಬೇಕಾದರೂ ನೋಡಬಹುದು. ಮುಂದಿನ ತಿಂಗಳ 15ರೊಳಗೆ ಕಟ್ಟಬೇಕಾದ ಹಣ ಅದು. ಕಂಪನಿಗೆ ಉಸಿರು ಕಟ್ಟತೊಡಗಿದಾಗ ಮೊದಲು ತಡವಾಗುವುದು ಅದೇ.

ನಮ್ಮ ಊರಿನ ಹತ್ತಿರದ ಪಟ್ಟಣದಲ್ಲಿ ನಿನ್ನದೇ ವಯಸ್ಸಿನ ಸಹಾಯಕ ಎಂಜಿನಿಯರ್ ಒಬ್ಬಳಿದ್ದಾಳೆ. ಅವಳೊಂದಿಗೆ ಒಂದು ಇಡೀ ದಿನ ಕಳೆ. ಕೊನೆಯದಾಗಿ, ಅಪ್ಪನ ಪಕ್ಕ ಕುಳಿತು ಒಂದು ಹಾಳೆಯಲ್ಲಿ ಬರೆ: ನಿನ್ನ ಸಂಬಳ ನಾಳೆ ನಿಂತರೆ ಮನೆ ಎಷ್ಟು ತಿಂಗಳು ನಡೆಯುತ್ತದೆ?

ಯಾವುದನ್ನು ಆರಿಸಿದರೂ ನನಗೆ ಬೇಸರವಿಲ್ಲ. ಇದನ್ನು ಉಪಚಾರಕ್ಕೆ ಬರೆಯುತ್ತಿಲ್ಲ."

ಆ ಏಳು ದಿನ

ಮೊದಲು ಬಂದದ್ದು ಭವಿಷ್ಯನಿಧಿಯ ವಿವರ. ಹಿಂದಿನ ವರ್ಷವಿಡೀ ಹಣ ಸಮಯಕ್ಕೆ ಜಮೆಯಾಗಿತ್ತು. ಕೊನೆಯ ಎರಡು ತಿಂಗಳದ್ದು ಮಾತ್ರ ಗಡುವು ಮೀರಿ ಸುಮಾರು 40 ದಿನ ತಡ. ಸಂಬಳ ತಪ್ಪದೆ ಬಂದಿದ್ದರಿಂದ ಒಳಗೇ ಇದ್ದ ಮೇಘನಾಳಿಗೂ ಇದು ಗೊತ್ತಿರಲಿಲ್ಲ. ಎರಡು ತಿಂಗಳ ತಡವನ್ನು ಮೋಸ ಎನ್ನಬಾರದು, ಆದರೆ ಕೇಳಬೇಕಾದ ಪ್ರಶ್ನೆ ಹುಟ್ಟಿತು. ಅವಳು ನೇರವಾಗಿ ಸ್ಥಾಪಕರನ್ನೇ ಕೇಳಿದಳು. ಆ ಯುವಕನ ಬಗ್ಗೆ ನನಗೆ ಗೌರವ ಮೂಡಿದ್ದು ಇಲ್ಲಿ. ಅವರು ಮುಚ್ಚಿಡಲಿಲ್ಲ. ಸ್ಥಳೀಯ ಸಂಸ್ಥೆಗಳಿಂದ ಬರಬೇಕಾದ ಬಿಲ್ಲುಗಳು ನಿಂತಿದ್ದವು, ಸಂಬಳ ಮೊದಲು ಎಂದು ತೀರ್ಮಾನಿಸಿ ಭವಿಷ್ಯನಿಧಿಯನ್ನು ಹಿಂದಕ್ಕೆ ತಳ್ಳಿದ್ದರು.

ಮೂರು ಸಂಖ್ಯೆಗಳನ್ನೂ ಕೊಟ್ಟರು. ಬ್ಯಾಂಕಿನಲ್ಲಿ 1.9 ಕೋಟಿ. ತಿಂಗಳ ಖರ್ಚು 22 ಲಕ್ಷ. ಆರು ತಿಂಗಳ ಸರಾಸರಿ ನಿಜ ಆದಾಯ 8 ಲಕ್ಷ. ಅಂದರೆ ತಿಂಗಳಿಗೆ 14 ಲಕ್ಷ ಕರಗುತ್ತಿದೆ, 1.9 ಕೋಟಿ ಹದಿಮೂರೂವರೆ ತಿಂಗಳಿಗೆ ಸಾಕು. ಹಿಂದೆ ಅವರು 18 ತಿಂಗಳು ಎಂದಿದ್ದರು. ಆ ವ್ಯತ್ಯಾಸ ಎಲ್ಲಿಂದ ಬಂತೆಂದು ಮೇಘನಾ ಹುಡುಕಿದಳು. ಬಾಕಿ ಬರಬೇಕಾದ 70 ಲಕ್ಷವನ್ನೂ ಕೈಯಲ್ಲಿರುವ ಹಣದಂತೆ ಸೇರಿಸಿದ್ದರು. ಅದರಲ್ಲಿ 45 ಲಕ್ಷ ಆರು ತಿಂಗಳಿಗಿಂತ ಹಳೆಯ ಬಾಕಿ. ಗ್ರಾಹಕರ ಹಣ ಪೂರ್ತಿ ನಿಂತರೆ ಕಂಪನಿ ಒಂಬತ್ತು ತಿಂಗಳೂ ನಡೆಯದು.

ಇಲ್ಲಿ ನಾನು ಮೊದಲು ಗಮನಿಸದ ಒಂದು ಸಂಗತಿ ಅವಳಿಗೆ ಕಂಡಿತು. ಕಂಪನಿಯ ಗ್ರಾಹಕರೆಲ್ಲ ನಗರಸಭೆಗಳು, ನೀರು ಸರಬರಾಜು ಸಂಸ್ಥೆಗಳು. "ಸರ್, ಎರಡು ಕಡೆಯೂ ನನ್ನ ಸಂಬಳ ಸರ್ಕಾರದಿಂದಲೇ. ಒಂದು ಕಡೆ ಖಜಾನೆಯಿಂದ ನೇರವಾಗಿ, ಇನ್ನೊಂದು ಕಡೆ ಬಿಲ್ಲು ಪಾಸಾದ ಮೇಲೆ." ಬಿಲ್ಲು ಹೇಗೆ ಪಾಸಾಗುತ್ತದೆ, ಎಲ್ಲಿ ಕೂರುತ್ತದೆ, ಮಾರ್ಚ್ ತಿಂಗಳಲ್ಲಿ ಯಾಕೆ ಓಡುತ್ತದೆ, ಏಪ್ರಿಲ್‌ನಲ್ಲಿ ಯಾಕೆ ಮಲಗುತ್ತದೆ ಎಂದು 26 ವರ್ಷ ಕಂಡವನು ನಾನು. ಆದರೂ ಕಂಪನಿಯ ಅನಿಶ್ಚಿತತೆಯ ಮೂಲ ಅದೇ ಎಂದು ನನಗೆ ಹೊಳೆದಿರಲಿಲ್ಲ.

ಸಹಾಯಕ ಎಂಜಿನಿಯರ್ ಜೊತೆ ಕಳೆದ ದಿನ ಅವಳ ಇನ್ನೊಂದು ಕಲ್ಪನೆಯನ್ನು ಕೆಡವಿತು. ಕಡತ ನೋಡುತ್ತ ಕೂರುವ ಕೆಲಸ ಎಂದುಕೊಂಡು ಹೋದವಳಿಗೆ ಬೆಳಿಗ್ಗೆ ಗುತ್ತಿಗೆದಾರನೊಂದಿಗೆ ಅಳತೆ ಪುಸ್ತಕದ ಜಗಳ, ಮಧ್ಯಾಹ್ನ ಸದಸ್ಯರೊಬ್ಬರ ಒತ್ತಡ, ರಾತ್ರಿ ಹನ್ನೊಂದಕ್ಕೆ ಒಡೆದ ಮುಖ್ಯ ಕೊಳವೆ ಕಂಡವು. ಟಾರ್ಚ್ ಹಿಡಿದು ನಿಂತಿದ್ದಾಗ ಆ ಹುಡುಗಿ ಹೇಳಿದಳಂತೆ, ಸೋರಿಕೆ ಪತ್ತೆ ಎಂಬುದು ತಮ್ಮ ಟೆಂಡರ್ ದಸ್ತಾವೇಜಿನಲ್ಲಿ ಒಂದು ಸಾಲಾಗಿಯೂ ಇಲ್ಲ, ಒಡೆದ ಮೇಲೆ ಅಗೆಯಲು ಮಾತ್ರ ಹಣವಿದೆ. ಮೇಘನಾ ಅದನ್ನು ನನಗೆ ಎರಡು ಸಲ ಹೇಳಿದಳು.

ಎಲ್ಲಕ್ಕಿಂತ ಮುಖ್ಯವಾದ ತಿರುವು ಮನೆಯಲ್ಲಿ ಆಯಿತು. ಸರ್ಕಾರಿ ಕೆಲಸ ಬಿಡಬೇಡ ಎಂದು ಅಪ್ಪ ಹಟ ಹಿಡಿಯುತ್ತಾರೆ ಎಂದೇ ಅವಳು ಹೆದರಿದ್ದಳು. ಅವರು ಹಾಗೆ ಹೇಳಲಿಲ್ಲ. ಪಿಂಚಣಿ ಜಮೆಯಾಗುವ ಪಾಸ್‌ಪುಸ್ತಕವನ್ನು ತಂದು ಹಾಳೆಯ ಪಕ್ಕ ಇಟ್ಟರು. "ನೀನು ಎಲ್ಲಿಗೆ ಬೇಕಾದರೂ ಹೋಗಮ್ಮ. ಕಂತು ಕಟ್ಟುವುದು ಯಾರು ಅನ್ನುವುದನ್ನು ಮಾತ್ರ ಇಲ್ಲಿ ಬರೆ" ಎಂದರು. ಬರೆದರು. ಕಂತು, ಔಷಧಿ, ತಮ್ಮನ ಖರ್ಚು ಸೇರಿ ಅವಳ ಮೇಲೆ ಬೀಳುವುದು ತಿಂಗಳಿಗೆ 31,000. ಬೆಂಗಳೂರಿನಲ್ಲಿ ಅವಳ ಸ್ವಂತ ಖರ್ಚು 20,000. ಉಳಿತಾಯ 2.1 ಲಕ್ಷ. ಸಂಬಳ ನಿಂತರೆ ನಾಲ್ಕು ತಿಂಗಳು.

ಒಂದು ಕಡೆ ಹದಿಮೂರು ತಿಂಗಳ ಉಸಿರಿರುವ ಕಂಪನಿ, ಇನ್ನೊಂದು ಕಡೆ ನಾಲ್ಕು ತಿಂಗಳ ಉಸಿರಿರುವ ಮನೆ. ಅವಳು ಆಗಲೂ ಕಂಪನಿಯನ್ನು ಕೈಬಿಡಲಿಲ್ಲ. ಸ್ಥಾಪಕರ ಮುಂದೆ ಒಂದು ಬೇಡಿಕೆ ಇಟ್ಟಳು: ಷೇರಿನ ಹಕ್ಕು ಅರ್ಧ ಮಾಡಿ, ಖಚಿತ ಸಂಬಳವನ್ನು 95,000ಕ್ಕೆ ಏರಿಸಿ, ಕಂಪನಿ ಮುಚ್ಚುವ ಸಂದರ್ಭ ಬಂದರೆ ಮೂರು ತಿಂಗಳ ಸಂಬಳ ಕೊಡುವುದಾಗಿ ಬರೆದುಕೊಡಿ. ಎರಡು ದಿನ ಯೋಚಿಸಿ ಅವರು ಆಗದು ಎಂದರು. ಆ ಭರವಸೆಯನ್ನು ಒಬ್ಬರಿಗೆ ಕೊಟ್ಟರೆ ಹದಿನಾಲ್ಕು ಜನಕ್ಕೂ ಕೊಡಬೇಕಾಗುತ್ತದೆ, ಅಷ್ಟು ಹಣವಿಲ್ಲ ಎಂಬ ಕಾರಣವನ್ನೂ ಹೇಳಿದರು. ಇಸಾಪ್‌ನ ಷರತ್ತುಗಳ ಕಾಗದ ಕೊನೆಗೂ ಬರಲಿಲ್ಲ. ಕಾಲಾವಕಾಶದ ಮನವಿಗೂ ಉತ್ತರ ಬರಲಿಲ್ಲ.

ಗಡುವಿಗೆ ಒಂದು ದಿನ ಉಳಿದಿರುವಾಗ ಅವಳು ಹುದ್ದೆಗೆ ವರದಿ ಮಾಡಿಕೊಂಡಳು.

ಒಂದೂವರೆ ವರ್ಷದ ನಂತರ

ಕಂಪನಿ ಮುಳುಗಿಹೋಯಿತು, ಅವಳು ಪಾರಾದಳು ಎಂದು ನೀವು ನಿರೀಕ್ಷಿಸಿದ್ದರೆ ಹಾಗಾಗಲಿಲ್ಲ. ಹಳೆಯ ಬಾಕಿಯಲ್ಲಿ ದೊಡ್ಡ ಪಾಲು ಒಂದು ಮಾರ್ಚ್‌ನಲ್ಲಿ ಬಂತು, ಹೊಸ ಆದೇಶವೂ ಸಿಕ್ಕಿತು. ಮೇಘನಾಳ ಬದಲು ಆ ಸ್ಥಾನಕ್ಕೆ ಬಂದ ಯುವಕನಿಗೆ ಮೊದಲ ವರ್ಷದ ಷೇರಿನ ಹಕ್ಕು ದಕ್ಕಿದೆ. ಇದನ್ನು ಕೇಳಿದ ದಿನ ಅವಳು ನನ್ನೊಂದಿಗೆ ಬಹಳ ಹೊತ್ತು ಮಾತಾಡಿದಳು, ದನಿ ಸಪ್ಪಗಿತ್ತು. ನಾನು ಸಮಾಧಾನ ಹೇಳಲು ಹೋಗಲಿಲ್ಲ. ಆ ದಿನ ಅವಳ ಮುಂದಿದ್ದ ಹಾಳೆಯಲ್ಲಿ ನಾಲ್ಕು ತಿಂಗಳು ಎಂದು ಬರೆದಿತ್ತು, ಆ ಸಂಖ್ಯೆ ಕಂಪನಿ ಉಳಿದದ್ದರಿಂದ ಬದಲಾಗುವುದಿಲ್ಲ. ತೀರ್ಮಾನವನ್ನು ಅದು ಕೈಗೊಂಡ ದಿನ ಗೊತ್ತಿದ್ದದ್ದರಿಂದ ಅಳೆಯಬೇಕು ಎಂಬುದು ನನಗೆ ಈ ಪ್ರಕರಣದಲ್ಲಿ ಸ್ಪಷ್ಟವಾಯಿತು. ಅವಳಿಗೆ 2.1 ಲಕ್ಷದ ಬದಲು 8 ಲಕ್ಷ ಉಳಿತಾಯವಿದ್ದಿದ್ದರೆ, ಅಥವಾ ಮನೆ ಸಾಲ ಇಲ್ಲದಿದ್ದರೆ, ಅದೇ ಕಂಪನಿಯ ಅದೇ ಸಂಖ್ಯೆಗಳನ್ನು ನೋಡಿ ನಾನು ಹೋಗು ಎನ್ನುತ್ತಿದ್ದೆ. ಸ್ಟಾರ್ಟ್‌ಅಪ್‌ನ ಅಪಾಯ ಎಲ್ಲರಿಗೂ ಒಂದೇ ಅಲ್ಲ. ಅದು ಮನೆಯ ಹಾಳೆಯ ಮೇಲೆ ಬಿದ್ದಾಗಲೇ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಮೊದಲ ಪತ್ರದಲ್ಲಿ ನಾನು ಅದನ್ನು ಕೇಳಿಯೇ ಇರಲಿಲ್ಲ. ಈಗ ಯಾರಾದರೂ ಇಂಥ ಪ್ರಶ್ನೆ ತಂದರೆ ಆ ಹಾಳೆ ಬರೆದು ತರುವವರೆಗೆ ನಾನು ಒಂದು ಅಕ್ಷರವನ್ನೂ ಬರೆಯುವುದಿಲ್ಲ. ಸೇವಾ ನಿಯಮದ ಮಾತು ಬಂದರೆ ನೆನಪನ್ನು ನಂಬದೆ ಸಿಬ್ಬಂದಿ ಶಾಖೆಯವರನ್ನು ಕೇಳುತ್ತೇನೆ.

ಸರ್ಕಾರಿ ಹುದ್ದೆಯೂ ಹೂವಿನ ಹಾಸಿಗೆಯಾಗಲಿಲ್ಲ. ಮನೆಯಿಂದ ದೂರದ ಪಟ್ಟಣಕ್ಕೆ ನಿಯೋಜನೆಯಾಯಿತು. ಮೊದಲ ಆರು ತಿಂಗಳು ಅವಳು ಸಂವೇದಕ ಮುಟ್ಟುವುದಿರಲಿ, ಯಾವ ಕೊಳವೆ ಎಲ್ಲಿ ಹೋಗಿದೆ ಎಂದು ಹಳೆಯ ನೀರುಗಂಟಿಗಳನ್ನು ಕೇಳಿ ಕೇಳಿ ನಕ್ಷೆ ಬರೆದಳು. ಕಂತು ತಪ್ಪದೆ ಹೋಗುತ್ತಿದೆ. ತಮ್ಮ ಕೆಲಸಕ್ಕೆ ಸೇರಿದ್ದಾನೆ.

ನಾವಿಬ್ಬರೂ ಎಣಿಸದಿದ್ದ ಒಂದು ಘಟನೆಯೂ ನಡೆಯಿತು. ಅವಳ ಹಳೆಯ ಕಂಪನಿ ಅವಳ ವಿಭಾಗದ ಟೆಂಡರ್ ಒಂದರಲ್ಲಿ ಭಾಗವಹಿಸಿತು. ತಾಂತ್ರಿಕ ಪರಿಶೀಲನೆಯ ಕಡತ ಬರಬೇಕಾದದ್ದು ಅವಳ ಮೇಜಿಗೇ. ಅವಳು ಅಂದೇ ಮೇಲಧಿಕಾರಿಗೆ ಲಿಖಿತವಾಗಿ ತಿಳಿಸಿದಳು: ಈ ಸಂಸ್ಥೆಯಲ್ಲಿ ಹಿಂದೆ ನೌಕರಳಾಗಿದ್ದೆ, ಈ ಕಡತದಿಂದ ನನ್ನನ್ನು ಬಿಡಿಸಿ. ಪರಿಶೀಲನೆ ಬೇರೆಯವರ ಕೈಗೆ ಹೋಯಿತು. ಕಂಪನಿಗೆ ಆ ಕೆಲಸ ಸಿಗಲಿಲ್ಲ. ಸ್ಥಾಪಕರು ಫೋನ್ ಮಾಡಿ, ನೀವು ಮಾಡಿದ್ದು ಸರಿ ಎಂದರಂತೆ. ಕ್ಷೇತ್ರ ಒಂದೇ ಆಗಿದ್ದಾಗ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋದವರಿಗೆ ಇಂಥ ದಿನ ಬಂದೇ ಬರುತ್ತದೆ. ಎರಡನೆಯ ಪತ್ರದಲ್ಲಿ ನಾನು ಇದನ್ನು ಮುನ್ನೆಚ್ಚರಿಕೆಯಾಗಿ ಬರೆಯಬೇಕಿತ್ತು.

ಕಳೆದ ತಿಂಗಳು ಅವಳಿಂದ ಒಂದು ಕೋಷ್ಟಕ ಬಂತು. ಆ ಪಟ್ಟಣದ ಎರಡು ವಾರ್ಡುಗಳಲ್ಲಿ ಮಾತ್ರ ದಿನದ ಇಪ್ಪತ್ನಾಲ್ಕು ಗಂಟೆಯೂ ನೀರು ಬರುತ್ತದೆ. ರಾತ್ರಿ ಎರಡರಿಂದ ನಾಲ್ಕರವರೆಗೆ ಜನ ಮಲಗಿರುತ್ತಾರೆ, ಆಗಲೂ ವಾರ್ಡಿನ ಮಾಪಕ ಓಡುತ್ತಿದ್ದರೆ ಆ ನೀರಿನ ಬಹುಪಾಲು ಸೋರಿಕೆ. ಮೂರು ದಿನಕ್ಕೊಮ್ಮೆ ನೀರು ಬಿಡುವ ಉಳಿದ ವಾರ್ಡುಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಇಬ್ಬರು ನೀರುಗಂಟಿಗಳನ್ನು ಒಪ್ಪಿಸಿ ಹನ್ನೊಂದು ರಾತ್ರಿ ಮಾಪಕ ಓದಿಸಿದ್ದಾಳೆ. ಕೋಷ್ಟಕದ ಕೆಳಗೆ ಪೆನ್ಸಿಲಿನಲ್ಲಿ ಬರೆದಿದ್ದಳು: "ಸರ್, ಎರಡನೇ ವಾರ್ಡಿನಲ್ಲಿ ಏನೋ ಇದೆ. ಅಗೆಯಲು ಅಂದಾಜುಪಟ್ಟಿ ಹೇಗೆ ಮಾಡಲಿ? ನಮ್ಮ ದರಪಟ್ಟಿಯಲ್ಲಿ ಸೋರಿಕೆ ಹುಡುಕುವುದಕ್ಕೆ ಐಟಂ ಇಲ್ಲ."